ನೋಂದಣಿ ಇಲ್ಲದ ಮಾಲೀಕರಿಗೆ ಕೊಡುವ ಅಂಗಡಿ ಬಾಡಿಗೆ: ರಿವರ್ಸ್ ಚಾರ್ಜ್ ಜಿಎಸ್‌ಟಿ ಕಟ್ಟುವ ಕ್ರಮ

‘ನಮ್ಮ ಕಟ್ಟಡದ ಮಾಲೀಕರಿಗೆ ಜಿಎಸ್‌ಟಿ ನಂಬರೇ ಇಲ್ಲ, ಹಾಗಿರುವಾಗ ಬಾಡಿಗೆಯ ಮೇಲೆ ತೆರಿಗೆ ಎಲ್ಲಿಂದ ಬಂತು?’ ಎಂದು ಅಂಗಡಿ, ಗೋದಾಮು, ಕಚೇರಿಗಳನ್ನು ಬಾಡಿಗೆಗೆ ಹಿಡಿದ ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. 2024ರ ಅಕ್ಟೋಬರ್ 10ರಿಂದ ಜಾರಿಯಾದ ಒಂದು ಅಧಿಸೂಚನೆಯಿಂದ ಈ ಹೊಣೆ ಹುಟ್ಟಿದೆ. ಕೇಂದ್ರ ತೆರಿಗೆ ದರಕ್ಕೆ ಸಂಬಂಧಿಸಿದ 09/2024ನೇ ಸಂಖ್ಯೆಯ ಆ ಅಧಿಸೂಚನೆಯ ಪ್ರಕಾರ, ವಾಸದ ಮನೆಯನ್ನು ಬಿಟ್ಟು ಉಳಿದ ಯಾವುದೇ ಸ್ಥಿರಾಸ್ತಿಯನ್ನು ಜಿಎಸ್‌ಟಿ ನೋಂದಣಿ ಇಲ್ಲದವರು ನೋಂದಣಿ ಇರುವವರಿಗೆ ಬಾಡಿಗೆಗೆ ಕೊಟ್ಟರೆ, ಆ ಬಾಡಿಗೆಯ ಮೇಲಿನ ತೆರಿಗೆಯನ್ನು ಬಾಡಿಗೆದಾರರೇ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು.

ಸಾಮಾನ್ಯವಾಗಿ ಸೇವೆ ಕೊಟ್ಟವರು ತೆರಿಗೆಯನ್ನು ವಸೂಲು ಮಾಡಿ ಕಟ್ಟುತ್ತಾರೆ. ಇಲ್ಲಿ ಸೇವೆ ಪಡೆದವರ ಮೇಲೆ ಆ ಹೊಣೆ ಬೀಳುವುದರಿಂದ ಇದನ್ನು ರಿವರ್ಸ್ ಚಾರ್ಜ್ ಎನ್ನುತ್ತಾರೆ; ಲೆಕ್ಕಪತ್ರದವರ ಬಾಯಲ್ಲಿ ಇದು ‘ಆರ್‌ಸಿಎಂ’. ದರ ಶೇ 18, ಅಂದರೆ ಕೇಂದ್ರದ ಪಾಲಾದ ಸಿಜಿಎಸ್‌ಟಿ ಶೇ 9 ಮತ್ತು ರಾಜ್ಯದ ಪಾಲಾದ ಎಸ್‌ಜಿಎಸ್‌ಟಿ ಶೇ 9. ಮಾಲೀಕರ ವಾರ್ಷಿಕ ಬಾಡಿಗೆ 20 ಲಕ್ಷ ರೂಪಾಯಿಗಿಂತ ಕಡಿಮೆ ಇದೆ ಎಂಬ ಕಾರಣಕ್ಕೆ ನಿಮಗೆ ವಿನಾಯಿತಿ ಸಿಗುವುದಿಲ್ಲ, ಏಕೆಂದರೆ ಆ ಮಿತಿ ಮಾಲೀಕರು ನೋಂದಣಿ ಮಾಡಿಸಬೇಕೇ ಬೇಡವೇ ಎಂಬುದಕ್ಕೆ ಸಂಬಂಧಿಸಿದ್ದು. ರಿವರ್ಸ್ ಚಾರ್ಜ್‌ಗೆ ಕನಿಷ್ಠ ಮೊತ್ತ ಎಂಬುದೇ ಇಲ್ಲ. ತಿಂಗಳಿಗೆ ನಾಲ್ಕು ಸಾವಿರ ರೂಪಾಯಿ ಬಾಡಿಗೆಯ ಮಳಿಗೆಗೂ ಅದು ಅನ್ವಯಿಸುತ್ತದೆ.

ಈ ಲೇಖನದಲ್ಲಿ ಒಂದೇ ಪರಿಸ್ಥಿತಿಯನ್ನು ತೆಗೆದುಕೊಂಡಿದ್ದೇನೆ. ಬಾಡಿಗೆದಾರರು ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾಗಿ ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುತ್ತಾರೆ. ಮಾಲೀಕರು ನೋಂದಣಿ ಇಲ್ಲದ ವ್ಯಕ್ತಿ. ಮಾಲೀಕರು, ಕಟ್ಟಡ ಮತ್ತು ಬಾಡಿಗೆದಾರರ ನೋಂದಣಿ ಮೂರೂ ಕರ್ನಾಟಕದಲ್ಲಿವೆ. ಕಟ್ಟಡ ಬೇರೆ ರಾಜ್ಯದಲ್ಲಿದ್ದರೆ ಯಾವ ರಾಜ್ಯದ ತೆರಿಗೆ ಎಂಬ ಪ್ರಶ್ನೆ ಏಳುವುದರಿಂದ ಅಂಥವರು ತಮ್ಮ ಲೆಕ್ಕ ಪರಿಶೋಧಕರೊಡನೆ ಮಾತನಾಡಿಯೇ ಮುಂದುವರಿಯಬೇಕು.

ಲೆಕ್ಕಕ್ಕೆ ಒಂದು ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಹಾರ್ಡ್‌ವೇರ್ ಸಾಮಾನು ಮಾರುವ ಒಂದು ಪಾಲುದಾರಿಕೆ ಸಂಸ್ಥೆ ತಿಂಗಳಿಗೆ 60,000 ರೂಪಾಯಿಗೆ ಗೋದಾಮೊಂದನ್ನು ಬಾಡಿಗೆಗೆ ಪಡೆದಿದೆ. ಪ್ರತಿ ತಿಂಗಳ ಬಾಡಿಗೆಯನ್ನು ಅದೇ ತಿಂಗಳ 5ರಂದು ಕೊಡಬೇಕೆಂಬುದು ಕರಾರು. ನಾವು ನೋಡುವುದು 2025ರ ಜೂನ್ ತಿಂಗಳ ಬಾಡಿಗೆ.

1. ಮಾಲೀಕರ ನೋಂದಣಿಯನ್ನು ಖಚಿತಪಡಿಸಿಕೊಳ್ಳಿ

ಮಾಲೀಕರ ಬಾಯಿಮಾತನ್ನು ನಂಬಿ ಹೊರಡಬೇಡಿ. ಅವರ ಪ್ಯಾನ್ ಸಂಖ್ಯೆಯನ್ನು ಪಡೆದು, ಜಿಎಸ್‌ಟಿ ಪೋರ್ಟಲ್‌ನ Search Taxpayer ವಿಭಾಗದಲ್ಲಿ ಪ್ಯಾನ್ ಮೂಲಕ ಹುಡುಕಿ. ಎಷ್ಟೋ ಮಾಲೀಕರು ‘ಬಾಡಿಗೆಗೆ ನನ್ನ ಜಿಎಸ್‌ಟಿ ಇಲ್ಲ’ ಎನ್ನುತ್ತಾರೆ, ಆದರೆ ಅದೇ ಪ್ಯಾನ್ ಮೇಲೆ ಕಿರಾಣಿ ಅಂಗಡಿಗೋ ಗುತ್ತಿಗೆ ಕೆಲಸಕ್ಕೋ ನೋಂದಣಿ ಮಾಡಿಸಿರುತ್ತಾರೆ. ನೋಂದಣಿ ವ್ಯಕ್ತಿಗೆ ಸೇರಿದ್ದೇ ಹೊರತು ವ್ಯವಹಾರದ ಬಗೆಗಲ್ಲ. ಹಾಗಿದ್ದಲ್ಲಿ ಅವರು ನೋಂದಾಯಿತ ಮಾಲೀಕರು. ಬಾಡಿಗೆಯ ಮೇಲೆ ತೆರಿಗೆ ಹಾಕಿ ಇನ್‌ವಾಯ್ಸ್ ಕೊಡುವುದು ಅವರ ಕೆಲಸವಾಗುತ್ತದೆ, ಮತ್ತು ನೀವು ರಿವರ್ಸ್ ಚಾರ್ಜ್‌ನಲ್ಲಿ ಕಟ್ಟಿದರೆ ಅವರ ಹೊಣೆ ತೀರುವುದಿಲ್ಲ.

ಹುಡುಕಾಟದಲ್ಲಿ ನೋಂದಣಿ ಕಾಣದಿದ್ದರೆ ಆ ಪುಟವನ್ನು ದಿನಾಂಕ ಸಮೇತ ಮುದ್ರಿಸಿಟ್ಟುಕೊಂಡು, ‘ನನಗೆ ಜಿಎಸ್‌ಟಿ ನೋಂದಣಿ ಇಲ್ಲ, ಮುಂದೆ ಪಡೆದರೆ ತಕ್ಷಣ ತಿಳಿಸುತ್ತೇನೆ’ ಎಂಬ ಸಹಿ ಮಾಡಿದ ಪತ್ರವನ್ನೂ ಪಡೆಯಿರಿ. ಕಟ್ಟಡಕ್ಕೆ ಅಣ್ಣತಮ್ಮಂದಿರು ಜಂಟಿ ಮಾಲೀಕರಾಗಿದ್ದು ಬಾಡಿಗೆ ಪಾಲಾಗಿ ಹೋಗುತ್ತಿದ್ದರೆ ಪ್ರತಿಯೊಬ್ಬರ ಪ್ಯಾನ್ ಅನ್ನೂ ಪ್ರತ್ಯೇಕವಾಗಿ ನೋಡಬೇಕು. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಈ ಹುಡುಕಾಟವನ್ನು ಮತ್ತೊಮ್ಮೆ ಮಾಡುವುದು ಒಳ್ಳೆಯದು.

2. ಹೊಣೆ ನಿಜವಾಗಿಯೂ ನಿಮ್ಮದೇ ಎಂದು ನೋಡಿಕೊಳ್ಳಿ

ರಾಜಿ ತೆರಿಗೆ ಪದ್ಧತಿಯಲ್ಲಿ, ಅಂದರೆ ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವ ವ್ಯಾಪಾರಿಗಳು ಈ ನಿಯಮದಿಂದ ಹೊರಗಿದ್ದಾರೆ. 2025ರ ಜನವರಿ 16ರ 07/2025ನೇ ಅಧಿಸೂಚನೆ ಅವರನ್ನು ಕೈಬಿಟ್ಟಿತು. 2024ರ ಅಕ್ಟೋಬರ್ 10ರಿಂದ 2025ರ ಜನವರಿ 15ರವರೆಗಿನ ಅವಧಿಯನ್ನು ‘ಇದ್ದಂತೆಯೇ’ ಸಕ್ರಮಗೊಳಿಸಲಾಯಿತು. ಆದರೆ ಈ ರಿಯಾಯಿತಿ ಅಂಗಡಿ, ಗೋದಾಮುಗಳಂಥ ವಾಸೇತರ ಆಸ್ತಿಗೆ ಮಾತ್ರ.

ವಾಸದ ಮನೆಯನ್ನು ನೋಂದಾಯಿತ ವ್ಯಕ್ತಿ ಬಾಡಿಗೆಗೆ ಪಡೆಯುವುದಕ್ಕೆ 2022ರ ಜುಲೈ 18ರಿಂದಲೇ ಬೇರೊಂದು ರಿವರ್ಸ್ ಚಾರ್ಜ್ ನಮೂದು ಇದೆ. ಅಲ್ಲಿ ಮಾಲೀಕರಿಗೆ ನೋಂದಣಿ ಇದ್ದರೂ ಇಲ್ಲದಿದ್ದರೂ ಬಾಡಿಗೆದಾರರೇ ಕಟ್ಟಬೇಕು. ಏಕವ್ಯಕ್ತಿ ವ್ಯಾಪಾರದ ಒಡೆಯರು ತಮ್ಮ ಸ್ವಂತ ವಾಸಕ್ಕೆ, ಸ್ವಂತ ಖಾತೆಯ ಹಣದಿಂದ, ವ್ಯಾಪಾರದ ಲೆಕ್ಕಕ್ಕೆ ತರದೆ ಹಿಡಿದ ಮನೆಗೆ ಮಾತ್ರ ವಿನಾಯಿತಿ ಉಂಟು.

ಕಂಪನಿಯ ನಿರ್ದೇಶಕರೇ ತಮ್ಮ ಕಟ್ಟಡವನ್ನು ಕಂಪನಿಗೆ ಬಾಡಿಗೆಗೆ ಕೊಟ್ಟಿದ್ದರೆ, ‘ನಿರ್ದೇಶಕರ ಸೇವೆ’ ಎಂಬ ನಮೂದಿನಡಿ ತೆರಿಗೆ ಬಾರದು ಎಂದು 2023ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಟಿತ್ತು. ಅದನ್ನೇ ನೆಚ್ಚಿ ಈಗಲೂ ಸುಮ್ಮನಿರುವವರಿದ್ದಾರೆ. ನಿರ್ದೇಶಕರಿಗೆ ನೋಂದಣಿ ಇಲ್ಲದಿದ್ದರೆ 2024ರ ಹೊಸ ನಮೂದು ಆ ಬಾಡಿಗೆಯನ್ನು ಹಿಡಿಯುತ್ತದೆ.

3. ತೆರಿಗೆ ಹಾಕಬೇಕಾದ ಮೊತ್ತವನ್ನು ಗೊತ್ತುಮಾಡಿ

ಹೆಚ್ಚು ತಪ್ಪುಗಳು ಆಗುವುದು ಈ ಹಂತದಲ್ಲಿ. ಆದಾಯ ತೆರಿಗೆ ಕಾನೂನಿನಂತೆ ಬಾಡಿಗೆಯಲ್ಲಿ ಮೂಲದಲ್ಲೇ ತೆರಿಗೆ ಮುರಿದುಕೊಳ್ಳುವ ಪದ್ಧತಿ, ಅಂದರೆ ಟಿಡಿಎಸ್, ಬೇರೆ, ಜಿಎಸ್‌ಟಿ ಬೇರೆ. 2025ರ ಏಪ್ರಿಲ್‌ನಿಂದ ತಿಂಗಳ ಬಾಡಿಗೆ 50,000 ರೂಪಾಯಿ ಮೀರಿದರೆ ಶೇ 10ರ ಟಿಡಿಎಸ್ ಅನ್ವಯಿಸುತ್ತದೆ. ನಮ್ಮ ಉದಾಹರಣೆಯ ಸಂಸ್ಥೆ 6,000 ರೂಪಾಯಿ ಮುರಿದುಕೊಂಡು ಮಾಲೀಕರ ಖಾತೆಗೆ 54,000 ರೂಪಾಯಿ ಹಾಕುತ್ತದೆ. ಬ್ಯಾಂಕ್ ಪಾಸ್‌ಬುಕ್ ನೋಡಿ ಲೆಕ್ಕ ಬರೆಯುವವರು ಈ 54,000ದ ಮೇಲೆ ಜಿಎಸ್‌ಟಿ ಲೆಕ್ಕ ಹಾಕಿಬಿಡುತ್ತಾರೆ. ಸರಿಯಾದ ಮೌಲ್ಯ ಟಿಡಿಎಸ್‌ಗೆ ಮುಂಚಿನ 60,000 ರೂಪಾಯಿ. ಅದರ ಶೇ 18 ಎಂದರೆ 10,800; ಸಿಜಿಎಸ್‌ಟಿ 5,400 ಮತ್ತು ಎಸ್‌ಜಿಎಸ್‌ಟಿ 5,400. ಟಿಡಿಎಸ್ ಲೆಕ್ಕಕ್ಕೂ 60,000ವನ್ನೇ ಹಿಡಿಯಬೇಕು; ನೀವು ಸರ್ಕಾರಕ್ಕೆ ಕಟ್ಟುವ 10,800 ಮಾಲೀಕರಿಗೆ ಸೇರಿದ ಹಣವಲ್ಲ.

ಈ 10,800ನ್ನು ಮಾಲೀಕರ ಬಾಡಿಗೆಯಿಂದ ಕಳೆಯುವಂತೆಯೂ ಇಲ್ಲ. ಕರಾರಿನಲ್ಲಿ ಬಾಡಿಗೆ 60,000 ಎಂದಿದ್ದರೆ ಅಷ್ಟನ್ನೂ ಕೊಟ್ಟು, ತೆರಿಗೆಯನ್ನು ಅದರ ಮೇಲೆ ನೀವು ಹಾಕಿಕೊಳ್ಳಬೇಕು. ‘ಎಲ್ಲ ತೆರಿಗೆ ಸೇರಿ’ ಎಂಬ ಹಳೆಯ ಕರಾರಿನ ಸಾಲು ಇಬ್ಬರ ನಡುವೆ ಜಗಳಕ್ಕೆ ದಾರಿ ಮಾಡುತ್ತದೆ. ಕರಾರನ್ನು ನವೀಕರಿಸುವಾಗ, ರಿವರ್ಸ್ ಚಾರ್ಜ್ ತೆರಿಗೆಯನ್ನು ಬಾಡಿಗೆದಾರರು ಕಟ್ಟುತ್ತಾರೆ, ಮಾಲೀಕರು ನೋಂದಣಿ ಪಡೆದ ದಿನದಿಂದ ಅವರೇ ಇನ್‌ವಾಯ್ಸ್ ಕೊಡುತ್ತಾರೆ ಎಂದು ಸ್ಪಷ್ಟವಾಗಿ ಬರೆಸಿ.

ಇನ್ನು ನಮ್ಮಲ್ಲಿ ‘ಅಡ್ವಾನ್ಸ್’ ಎಂದು ಕರೆಯುವ ಮೊತ್ತದ ಬಗ್ಗೆ ಎಚ್ಚರಿಕೆ ಬೇಕು. ಹತ್ತು ತಿಂಗಳ ಬಾಡಿಗೆಯಷ್ಟು ಹಣವನ್ನು ಇಟ್ಟು, ಖಾಲಿ ಮಾಡುವಾಗ ವಾಪಸ್ ಪಡೆಯುವುದಾದರೆ ಅದು ಕಾನೂನಿನ ಕಣ್ಣಿನಲ್ಲಿ ಠೇವಣಿ. ಅದಕ್ಕೆ ತೆರಿಗೆ ಇಲ್ಲ. ಆದರೆ ಮುಂದಿನ ಮೂರು ತಿಂಗಳ ಬಾಡಿಗೆಯನ್ನೇ ಮುಂಗಡವಾಗಿ ಕೊಟ್ಟರೆ, ಕೊಟ್ಟ ದಿನವೇ ಪೂರ್ತಿ ಮೊತ್ತದ ಮೇಲೆ ತೆರಿಗೆಯ ಹೊಣೆ ಬರುತ್ತದೆ. ಖಾಲಿ ಮಾಡುವ ಮುನ್ನ ‘ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲೇ ಮುರಿದುಕೊಳ್ಳಿ’ ಎಂಬ ಒಪ್ಪಂದವೂ ಸಾಮಾನ್ಯ. ಆಗ ಬ್ಯಾಂಕಿನಿಂದ ಹಣ ಹೋಗದಿದ್ದರೂ, ಹಾಗೆ ಮುರಿದುಕೊಂಡ ಭಾಗ ಬಾಡಿಗೆಯಾಗಿ ಮಾರ್ಪಟ್ಟು ತೆರಿಗೆಗೆ ಒಳಪಡುತ್ತದೆ. ಬ್ಯಾಂಕ್ ವಿವರದಲ್ಲಿ ಕಾಣದ ಕಾರಣ ಇದು ಬಹುತೇಕ ಬಿಟ್ಟುಹೋಗುತ್ತದೆ. ಕರಾರಿನಲ್ಲಿ ‘ಅಡ್ವಾನ್ಸ್’ ಬದಲು ‘ಹಿಂತಿರುಗಿಸಬೇಕಾದ ಭದ್ರತಾ ಠೇವಣಿ’ ಎಂದು ಬರೆಸಿದರೆ ಮುಂದೆ ವಿವರಣೆ ಕೊಡುವ ಕಷ್ಟ ತಪ್ಪುತ್ತದೆ.

ವಿದ್ಯುತ್ ಬಿಲ್ಲನ್ನು ನೀವೇ ನೇರವಾಗಿ ಕಟ್ಟುತ್ತಿದ್ದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಮಾಲೀಕರು ಬಾಡಿಗೆಯ ಜೊತೆಗೆ ಕರೆಂಟಿಗೆಂದು ನಿಗದಿತ ಮೊತ್ತ ಸೇರಿಸಿ ಪಡೆಯುತ್ತಿದ್ದರೆ ಅದೂ ಬಾಡಿಗೆಯ ಭಾಗವಾಗುತ್ತದೆ.

4. ತೆರಿಗೆ ಯಾವ ತಿಂಗಳಿಗೆ ಸೇರುತ್ತದೆ ಎಂದು ನಿರ್ಧರಿಸಿ

ಬಾಡಿಗೆ ಕೊಟ್ಟ ದಿನ ಮತ್ತು ಮುಂದಿನ ಹಂತದಲ್ಲಿ ಹೇಳುವ ಸ್ವಯಂ ಇನ್‌ವಾಯ್ಸ್‌ನ ದಿನ, ಇವೆರಡರಲ್ಲಿ ಯಾವುದು ಮೊದಲೋ ಆ ತಿಂಗಳಿಗೆ ತೆರಿಗೆ ಸೇರುತ್ತದೆ. ಕೊಟ್ಟ ದಿನ ಎಂದರೆ ಲೆಕ್ಕದ ಪುಸ್ತಕದಲ್ಲಿ ಪಾವತಿ ಬರೆದ ದಿನ ಅಥವಾ ಬ್ಯಾಂಕ್ ಖಾತೆಯಿಂದ ಹಣ ಕಡಿತವಾದ ದಿನ, ಅವುಗಳಲ್ಲೂ ಮೊದಲಿನದು. ನಮ್ಮ ಸಂಸ್ಥೆ ಜೂನ್ 5ರಂದು ಕೊಟ್ಟಿರುವುದರಿಂದ ತೆರಿಗೆ ಜೂನ್ ತಿಂಗಳದ್ದು. ರಿಟರ್ನ್ ಸಲ್ಲಿಸಲು ಕೊನೆಯ ದಿನ ಜುಲೈ 20.

ವ್ಯಾಪಾರ ಮಂದವಾಗಿ ಬಾಡಿಗೆ ಬಾಕಿ ಉಳಿದರೆ ತೆರಿಗೆಯೂ ಹಾಗೇ ಬಾಕಿ ಇರುತ್ತದೆ ಎಂದುಕೊಳ್ಳಬೇಡಿ. ಸೇವೆ ಪಡೆದ 30 ದಿನಗಳೊಳಗೆ ಸ್ವಯಂ ಇನ್‌ವಾಯ್ಸ್ ಮಾಡಲೇಬೇಕೆಂಬ ನಿಯಮ 2024ರ ನವೆಂಬರ್ 1ರಿಂದ ಜಾರಿಯಲ್ಲಿದೆ, ಮತ್ತು ಆ ಇನ್‌ವಾಯ್ಸ್‌ನ ದಿನವೇ ತೆರಿಗೆಯ ಹೊಣೆಯನ್ನು ಹುಟ್ಟಿಸುತ್ತದೆ.

5. ಸ್ವಯಂ ಇನ್‌ವಾಯ್ಸ್ ಮತ್ತು ಪಾವತಿ ವೋಚರ್ ಸಿದ್ಧಪಡಿಸಿ

ನೋಂದಣಿ ಇಲ್ಲದ ಮಾಲೀಕರು ತೆರಿಗೆ ಇನ್‌ವಾಯ್ಸ್ ಕೊಡಲಾರರು. ಆದ್ದರಿಂದ ಅವರ ಬದಲಿಗೆ ನೀವೇ, ನಿಮ್ಮ ಹೆಸರಿಗೆ, ಒಂದು ಇನ್‌ವಾಯ್ಸ್ ಬರೆದುಕೊಳ್ಳಬೇಕು. ಇದೇ ಸ್ವಯಂ ಇನ್‌ವಾಯ್ಸ್. ಬಾಡಿಗೆ ರಸೀದಿಯಾಗಲಿ, ಬಾಡಿಗೆ ಕರಾರಾಗಲಿ ಇದಕ್ಕೆ ಬದಲಿಯಾಗದು. ತೆರಿಗೆ ಕಟ್ಟಿಯೂ ಈ ಕಾಗದ ಇಲ್ಲದವರು, ಕಟ್ಟಿದ ಹಣವನ್ನು ಕ್ರೆಡಿಟ್ ಆಗಿ ಪಡೆಯುವ ಆಧಾರವನ್ನೇ ಕಳೆದುಕೊಳ್ಳುತ್ತಾರೆ.

ಮಾರಾಟದ ಬಿಲ್‌ಗಳ ಸರಣಿಗೆ ಇದನ್ನು ಸೇರಿಸದೆ, ಆರ್ಥಿಕ ವರ್ಷಕ್ಕೊಂದರಂತೆ ಪ್ರತ್ಯೇಕ ಸರಣಿ ಇಟ್ಟುಕೊಳ್ಳಿ. ಸಂಖ್ಯೆ 16 ಅಕ್ಷರಗಳನ್ನು ಮೀರಬಾರದು. ಜೂನ್ ತಿಂಗಳ ಇನ್‌ವಾಯ್ಸ್ ಹೀಗಿರಬಹುದು:

```
ಸಂಖ್ಯೆ: RCM/25-26/003      ದಿನಾಂಕ: 05-06-2025
ಪೂರೈಕೆದಾರರು: ಮಾಲೀಕರ ಹೆಸರು, ವಿಳಾಸ (ನೋಂದಣಿ ಇಲ್ಲ)
ಸ್ವೀಕರಿಸಿದವರು: ಸಂಸ್ಥೆಯ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ
ವಿವರ: ಗೋದಾಮು ಬಾಡಿಗೆ, ಜೂನ್ 2025   SAC: 997212
ಪೂರೈಕೆಯ ಸ್ಥಳ: ಕರ್ನಾಟಕ (29)
ಮೌಲ್ಯ: 60,000
ಸಿಜಿಎಸ್‌ಟಿ 9%: 5,400   ಎಸ್‌ಜಿಎಸ್‌ಟಿ 9%: 5,400
ರಿವರ್ಸ್ ಚಾರ್ಜ್ ಅನ್ವಯ: ಹೌದು
ಸಂಸ್ಥೆಯ ಪರವಾಗಿ ಸಹಿ
```

ಇಲ್ಲಿನ 997212 ಎಂಬುದು ವಾಸೇತರ ಆಸ್ತಿಯ ಬಾಡಿಗೆಗೆ ಇರುವ ಸೇವಾ ಸಂಕೇತ. ಮಾಲೀಕರ ಸಹಿ ಬೇಕಿಲ್ಲ. ಇದರ ಜೊತೆಗೆ, ಹಣ ಕೊಟ್ಟಾಗ ಪಾವತಿ ವೋಚರ್ ಒಂದನ್ನೂ ಬರೆಯಬೇಕು. ಅದರಲ್ಲಿ ಕೊಟ್ಟ ಮೊತ್ತ, ತೆರಿಗೆಯ ದರ ಮತ್ತು ಮೊತ್ತ, ಅದರದೇ ಕ್ರಮಸಂಖ್ಯೆ ಇರಬೇಕು. ಇನ್‌ವಾಯ್ಸ್ ಮಾಡಿದವರಲ್ಲೂ ಹಲವರು ಈ ವೋಚರನ್ನು ಮರೆಯುತ್ತಾರೆ.

6. ಹಣವನ್ನು ನಗದು ಖಾತೆಗೆ ತುಂಬಿ

ರಿವರ್ಸ್ ಚಾರ್ಜ್ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್‌ನಿಂದ ತೀರಿಸಲು ಬರುವುದಿಲ್ಲ. ಇನ್‌ಪುಟ್ ಕ್ರೆಡಿಟ್ ಎಂದರೆ ನೀವು ಖರೀದಿಯ ಮೇಲೆ ಕೊಟ್ಟ ತೆರಿಗೆ. ಮಾರಾಟದ ಮೇಲಿನ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳುವ ಹಕ್ಕು ನಿಮಗಿದೆ. ಕ್ರೆಡಿಟ್ ಖಾತೆಯಲ್ಲಿ ಲಕ್ಷಗಟ್ಟಲೆ ಇದ್ದರೂ ಈ 10,800ನ್ನು ಮಾತ್ರ ಹಣವಾಗಿಯೇ ಕಟ್ಟಬೇಕು. ಪೋರ್ಟಲ್‌ನಲ್ಲಿ PMT-06 ಚಲನ್ ತಯಾರಿಸಿ, ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿಯ Tax ಎಂಬ ಅಂಕಣದಲ್ಲಿ ತಲಾ 5,400 ನಮೂದಿಸಿ. ಪಕ್ಕದ Interest ಅಥವಾ Fee ಅಂಕಣದಲ್ಲಿ ತಪ್ಪಿ ತುಂಬಿದರೆ ಆ ಹಣ ತೆರಿಗೆಗೆ ಸಿಗುವುದಿಲ್ಲ. PMT-09 ನಮೂನೆಯಲ್ಲಿ ವರ್ಗಾಯಿಸಿಕೊಂಡ ಮೇಲೆಯೇ ಮುಂದೆ ಹೋಗಬಹುದು.

7. ರಿಟರ್ನ್‌ನಲ್ಲಿ ತೋರಿಸಿ, ಅದೇ ತಿಂಗಳು ಕ್ರೆಡಿಟ್ ಪಡೆಯಿರಿ

GSTR-3B ರಿಟರ್ನ್‌ನಲ್ಲಿ ಎರಡು ಕಡೆ ನಮೂದಿಸಬೇಕು. 3.1(d) ಸಾಲಿನಲ್ಲಿ ಮೌಲ್ಯ 60,000, ಸಿಜಿಎಸ್‌ಟಿ 5,400, ಎಸ್‌ಜಿಎಸ್‌ಟಿ 5,400 ಎಂದು ಹೊಣೆಯನ್ನು ತೋರಿಸಿ. ಬಳಿಕ 4(A)(3) ಸಾಲಿನಲ್ಲಿ ಅದೇ 5,400 ಮತ್ತು 5,400ನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಿರಿ. ಈ ಕ್ರೆಡಿಟ್ GSTR-2B ಪಟ್ಟಿಯಲ್ಲಿ ತಾನಾಗಿ ಬರುವುದಿಲ್ಲ, ಏಕೆಂದರೆ ಮಾಲೀಕರು ಯಾವ ರಿಟರ್ನನ್ನೂ ಸಲ್ಲಿಸುವುದಿಲ್ಲ. 2Bಯಲ್ಲಿ ಕಾಣಲಿಲ್ಲವೆಂದು ಕೈಬಿಡುವವರು ತಮ್ಮ ಹಣವನ್ನೇ ಬಿಟ್ಟುಕೊಡುತ್ತಾರೆ.

ಇದರಿಂದ ಕೈಯಿಂದ ಎಷ್ಟು ಹೋಗುತ್ತದೆ ಎಂದು ನೋಡೋಣ. ಜೂನ್ ಮಾರಾಟದ ಮೇಲೆ ಸಂಸ್ಥೆ ಕಟ್ಟಬೇಕಾದದ್ದು ಸಿಜಿಎಸ್‌ಟಿ 40,000, ಎಸ್‌ಜಿಎಸ್‌ಟಿ 40,000. ಖರೀದಿಯಿಂದ ಬಂದ ಕ್ರೆಡಿಟ್ ತಲಾ 38,000 ಎನ್ನೋಣ. ಬಾಡಿಗೆಯ ವಿಷಯವಿಲ್ಲದಿದ್ದರೆ ತಲಾ 2,000ದಂತೆ 4,000 ರೂಪಾಯಿ ನಗದು ಕಟ್ಟಿದ್ದರೆ ಸಾಕಿತ್ತು. ಈಗ ಬಾಡಿಗೆಯ 10,800 ನಗದಾಗಿ ಹೋಗುತ್ತದೆ. ಅದರ ಕ್ರೆಡಿಟ್ ಸೇರಿ ತಲಾ 43,400 ಆಗುವುದರಿಂದ ಮಾರಾಟದ 40,000 ಪೂರ್ತಿ ಕ್ರೆಡಿಟ್‌ನಲ್ಲೇ ತೀರಿ, ತಲಾ 3,400 ಮುಂದಿನ ತಿಂಗಳಿಗೆ ಉಳಿಯುತ್ತದೆ. ಅಂದರೆ ಜುಲೈ 20ರೊಳಗೆ 4,000ದ ಬದಲು 10,800 ಹೊಂದಿಸಬೇಕಾಯಿತು. ಹೆಚ್ಚಾದ 6,800 ಕ್ರೆಡಿಟ್ ಖಾತೆಯಲ್ಲಿ ಕುಳಿತಿದೆ. ನಷ್ಟವಿಲ್ಲ, ಆದರೆ ಕೈಗೆ ಹಣದ ಬಿಗಿ ಇದೆ.

ನೀವು ಮಾರುವ ಎಲ್ಲಕ್ಕೂ ತೆರಿಗೆ ಇದ್ದಾಗ ಮಾತ್ರ ಈ ಲೆಕ್ಕ ಸರಿ. ಗೋದಾಮಿನಲ್ಲಿ ತೆರಿಗೆ ಇರುವ ಸಾಮಾನಿನ ಜೊತೆ ತೆರಿಗೆ ವಿನಾಯಿತಿಯ ಸಾಮಾನನ್ನೂ ಇಟ್ಟು ಮಾರುತ್ತಿದ್ದರೆ, ವಿನಾಯಿತಿ ವಹಿವಾಟಿನ ಪ್ರಮಾಣಕ್ಕೆ ತಕ್ಕ ಕ್ರೆಡಿಟ್ಟನ್ನು ಹಿಂತಿರುಗಿಸಬೇಕು. ಆ ಭಾಗ ನಿಜವಾಗಿಯೂ ನಿಮ್ಮ ಖರ್ಚು.

GSTR-1ರಲ್ಲಿ ಬಾಡಿಗೆಯ ಮೊತ್ತವನ್ನು ಎಲ್ಲೂ ತೋರಿಸಬೇಕಿಲ್ಲ. ಅಲ್ಲಿನ 4B ಕೋಷ್ಟಕದಲ್ಲಿ ‘ರಿವರ್ಸ್ ಚಾರ್ಜ್’ ಎಂಬ ಪದ ಕಂಡು ಕೆಲವರು ತುಂಬಿಬಿಡುತ್ತಾರೆ. ಅದು ಸೇವೆ ಕೊಡುವವರಿಗಾಗಿ ಇರುವ ಜಾಗ. ನೀವು ಮಾಡಬೇಕಾದದ್ದು ಇಷ್ಟೇ: 13ನೇ ಕೋಷ್ಟಕದಲ್ಲಿ, ಆ ತಿಂಗಳು ಹೊರಡಿಸಿದ ಸ್ವಯಂ ಇನ್‌ವಾಯ್ಸ್ ಮತ್ತು ಪಾವತಿ ವೋಚರ್‌ಗಳ ಕ್ರಮಸಂಖ್ಯೆಗಳನ್ನು ಅವುಗಳ ಸಾಲುಗಳಲ್ಲಿ ನಮೂದಿಸುವುದು.

8. ಹಿಂದಿನ ತಿಂಗಳುಗಳು ಬಿಟ್ಟುಹೋಗಿದ್ದರೆ

ಬಿಟ್ಟುಹೋದ ಪ್ರತಿ ತಿಂಗಳ ಬಾಡಿಗೆಗೂ ಈಗಿನ ದಿನಾಂಕದಲ್ಲಿ ಸ್ವಯಂ ಇನ್‌ವಾಯ್ಸ್ ಮಾಡಿ, ವಿವರದಲ್ಲಿ ಆಯಾ ತಿಂಗಳನ್ನು ಸ್ಪಷ್ಟವಾಗಿ ಬರೆಯಿರಿ. ಹಿಂದಿನ ದಿನಾಂಕ ಹಾಕಿ ಕಾಗದ ಸೃಷ್ಟಿಸಬೇಡಿ. 13ನೇ ಕೋಷ್ಟಕದಲ್ಲಿ ಆಗ ಆ ಸಂಖ್ಯೆಗಳೇ ಇಲ್ಲದಿರುವುದರಿಂದ ಅದು ತಾನಾಗಿ ಬಯಲಾಗುತ್ತದೆ. ತೆರಿಗೆಯನ್ನು ಈಗಿನ 3Bಯ ಅದೇ 3.1(d) ಸಾಲಿನಲ್ಲಿ ಸೇರಿಸಿ ಕಟ್ಟಿ, ಬಡ್ಡಿಯನ್ನು 5.1 ಕೋಷ್ಟಕದಲ್ಲಿ ತೋರಿಸಿ.

ಬಡ್ಡಿ ವರ್ಷಕ್ಕೆ ಶೇ 18, ಮೂಲ ಗಡುವಿನಿಂದ ಲೆಕ್ಕ. ನಮ್ಮ ಸಂಸ್ಥೆ ಜೂನ್ ತೆರಿಗೆಯನ್ನು ಜುಲೈ 20ರ ಬದಲು ಡಿಸೆಂಬರ್ 20ರಂದು ಕಟ್ಟಿತೆಂದುಕೊಂಡರೆ 153 ದಿನ ತಡ. 10,800ಕ್ಕೆ ಬಡ್ಡಿ ಸುಮಾರು 815 ರೂಪಾಯಿ. ಈ ಬಡ್ಡಿಗೆ ಕ್ರೆಡಿಟ್ ಇಲ್ಲ, ಇನ್‌ವಾಯ್ಸ್ ತಡವಾದುದಕ್ಕೆ ದಂಡ ಹಾಕುವ ಅಧಿಕಾರವೂ ಇಲಾಖೆಗೆ ಇದೆ.

ತೆರಿಗೆಯ ಕ್ರೆಡಿಟ್ ಮಾತ್ರ ಕೈತಪ್ಪುವುದಿಲ್ಲ. ನೋಂದಣಿ ಇಲ್ಲದವರಿಂದ ಪಡೆದ ಸೇವೆಯಲ್ಲಿ, ಕ್ರೆಡಿಟ್ ಪಡೆಯುವ ಗಡುವನ್ನು ಸ್ವಯಂ ಇನ್‌ವಾಯ್ಸ್ ಹೊರಡಿಸಿದ ಆರ್ಥಿಕ ವರ್ಷದಿಂದ ಎಣಿಸಬೇಕೆಂದು 2024ರ ಜೂನ್ 26ರ 211ನೇ ಸುತ್ತೋಲೆ ಸ್ಪಷ್ಟಪಡಿಸಿದೆ. 2024ರ ನವೆಂಬರ್‌ನ ಬಾಡಿಗೆಗೆ 2025-26ರಲ್ಲಿ ಇನ್‌ವಾಯ್ಸ್ ಮಾಡಿ ತೆರಿಗೆ ಕಟ್ಟಿದವರಿಗೆ 2026ರ ನವೆಂಬರ್ 30ರವರೆಗೆ, ಅಥವಾ ಆ ವರ್ಷದ ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದರೆ ಆ ದಿನದವರೆಗೆ, ಕ್ರೆಡಿಟ್ ಪಡೆಯಲು ಅವಕಾಶವಿದೆ.